ಗೋಜಲು ವಾಯ್ಸ್ ನೋಟ್‌ನಿಂದ ಓದಲು ಬರುವ ಸ್ಕ್ರಿಪ್ಟ್: ಒಂದು ಬೋರ್ಡೋ ಪಾಠದ ಉದಾಹರಣೆ

ಮಳೆಗಾಲ ಹತ್ತಿರ ಬರುತ್ತಿದ್ದ ಹಾಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅನುಭವ ಇರುವ ಬೆಳೆಗಾರರೊಬ್ಬರಿಂದ ವಾಯ್ಸ್ ನೋಟ್ ತರಿಸಿದ್ದೇವೆ, ಫೋನಿನ ವಾಯ್ಸ್ ಟೈಪಿಂಗ್‌ನಿಂದ ಅದನ್ನು ಬರಹವನ್ನೂ ಮಾಡಿಕೊಂಡಿದ್ದೇವೆ, ಆದರೆ ಓದಲು ಹೋದರೆ ತಲೆಬುಡ ಸಿಗುವುದಿಲ್ಲ. ಇದನ್ನು ವಿಡಿಯೊದಲ್ಲೋ ಸಂಘದ ಸಭೆಯಲ್ಲೋ ಓದುವ ಹಾಗೆ ಮಾಡುವುದು ಹೇಗೆ?

ಹೆಚ್ಚಿನವರು ಮೊದಲು ಮಾಡುವ ಕೆಲಸ "ಆ", "ಎಂತದು", "ಅಂದ್ರೆ" ಇವನ್ನೆಲ್ಲ ಅಳಿಸುವುದು. ಬರಹ ಚೊಕ್ಕ ಆದಂತೆ ಕಾಣುತ್ತದೆ. ಆದರೆ ಕಸದ ಜೊತೆ ಅರ್ಥವೂ ಹೋಗುವುದು ಅಲ್ಲಿಯೇ. ಮದ್ದಿನ ಅಳತೆ ಹೇಳುವ ನೋಟ್‌ನಲ್ಲಿ ಒಂದು "ಅಲ್ಲ" ಹೋದರೆ ಅಳತೆಯೇ ಬದಲಾಗುತ್ತದೆ. ಹಾಗಾಗಿ ಇಲ್ಲಿ ಅಳಿಸುವ ಕೆಲಸ ತಡವಾಗಿ ಬರುತ್ತದೆ, ಕೇಳುವ ಕೆಲಸ ಮೊದಲು.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾತನ್ನು ಕೇಳಿದ ಹಾಗೇ ಇಳಿಸಿದ ಬರಹಕ್ಕೆ ಟ್ರಾನ್ಸ್‌ಕ್ರಿಪ್ಟ್ ಅನ್ನುತ್ತಾರೆ. ನಾನು ಇಲ್ಲಿ ಅದನ್ನು ಕಚ್ಚಾ ಬರಹ ಅಂತ ಕರೆಯುತ್ತೇನೆ. ಮಾತನಾಡುವವರು ಅರ್ಧಕ್ಕೆ ನಿಲ್ಲಿಸಿ ಅದೇ ವಾಕ್ಯವನ್ನು ಪುನಃ ಶುರು ಮಾಡುವುದಕ್ಕೆ ಮರುಶುರು ಅಂತ ಹೆಸರಿಟ್ಟುಕೊಳ್ಳೋಣ.

ನಿಮ್ಮ ಬಳಿ ಇರಬೇಕಾದ್ದು ಇಷ್ಟು: ಮೂಲ ಆಡಿಯೊ, ಕಚ್ಚಾ ಬರಹ, ಕಿವಿಗೆ ಇಯರ್‌ಫೋನ್, ಮಾತನಾಡಿದವರಿಗೆ ಫೋನ್ ಮಾಡುವ ಅವಕಾಶ. ಕೊನೆಯದು ಇಲ್ಲದಿದ್ದರೆ ಮದ್ದು, ಔಷಧಿ, ದುಡ್ಡಿನ ವಿಷಯದ ಸ್ಕ್ರಿಪ್ಟ್ ಮಾಡಲು ಹೋಗಬೇಡಿ.

ಕೆಳಗಿನದು ಇಂಥ ನೋಟ್‌ಗಳಲ್ಲಿ ಸಾಮಾನ್ಯವಾಗಿ ಬರುವುದನ್ನೆಲ್ಲ ಸೇರಿಸಿ ನಾನು ಜೋಡಿಸಿದ ಮಾದರಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಶಿರಸಿ ಕಡೆಯ ಬೆಳೆಗಾರರೊಬ್ಬರು ಮಾತನಾಡಿದ್ದು ಅಂದುಕೊಳ್ಳಿ. ಫೋನ್ ಕೊಟ್ಟ ಕಚ್ಚಾ ಬರಹದಲ್ಲಿ ಚುಕ್ಕಿ, ಅಲ್ಪವಿರಾಮ ಇಲ್ಲ.

"ಆ ನಮಸ್ಕಾರ ಎಂತ ಅಂದ್ರೆ ಈಗ ಮದ್ದು ಮದ್ದು ಹೊಡೆಯುದು ಅಂದ್ರೆ ಬೋರ್ಡು ಬೋರ್ಡು ಮಾಡುವಾಗ ಎಂತದು ಒಂದು ಕೆಜಿ ಸುಣ್ಣ ಅಲ್ಲ ಮೊದ್ಲು ತುತ್ತು ಮೈಲು ತುತ್ತು ಒಂದು ಕೆಜಿ ಅದನ್ನ ನೂರು ಲೀಟರ್ ಐವತ್ತು ಲೀಟರ್ ನೀರಲ್ಲಿ ಕರಗಿಸ್ಕೊಳ್ಳುದು ನೂರು ಒಟ್ಟು ಸುಣ್ಣನೂ ಅಷ್ಟೇ ಒಂದು ಕೆಜಿ ಐವತ್ತು ಲೀಟರ್ ಬೇರೆ ಡ್ರಮ್ ಅಲ್ದಾ ಏ ಆ ನಾಯಿ ಕಟ್ಟು ಮಾರಾಯ ಹಾಂ ಆಮೇಲೆ ತುತ್ತದ ನೀರನ್ನ ಸುಣ್ಣದ ಸುಣ್ಣದ ನೀರಿಗೆ ನಿಧಾನ ಹೊಯ್ಯುದು ತಿರುಗಿಸ್ತಾ ತಿರುಗಿಸ್ತಾ ಮತ್ತೆ ಎಂತ ಅಂದ್ರೆ ಕಬ್ಬಿಣದ ಡ್ರಮ್ ಹಾಕ್ಬೋದು ಪ್ಲಾಸ್ಟಿಕ್ಕೇ ಚಾಕು ಚಾಕು ಒಂದು ಅದ್ದಿ ನೋಡುದು ಕೆಂಪು ಹಿಡಿದ್ರೆ ಸುಣ್ಣ ಕಮ್ಮಿ ಹೇಳಿ ಇನ್ನೊಂಚೂರು ಸುಣ್ಣ ನಾಳೆಗೆ ಇಡುದಲ್ಲ ಅವತ್ತಿಂದು ಅವತ್ತೇ ಕೊನೆಗೆ ಸರಿ ತಾಗ್ಬೇಕು ಎರಡ್ನೇದು ನಲವತ್ತು ನಲವತ್ತೈದು ದಿನ ಬಿಟ್ಟು ಮಳೆ ಜಾಸ್ತಿ ಇದ್ರೆ ಮುಂಚೆನೇ ಹೊಡೀಬೇಕಂತೆ ಪಕ್ಕದ ತೋಟದವ್ರು ಹೇಳಿದ್ದು"

1. ಮೂಲವನ್ನು ಮುಟ್ಟದೆ ಎತ್ತಿಡಿ

ಆಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಬಿಡಬೇಡಿ. ಫೋನ್ ಬದಲಾದಾಗ, ಚಾಟ್ ಅಳಿಸಿದಾಗ ಅದೂ ಹೋಗುತ್ತದೆ. ಬೇರೆ ಕಡೆ ಉಳಿಸಿ. ಕಚ್ಚಾ ಬರಹದ್ದು ಎರಡು ಪ್ರತಿ ಮಾಡಿ, ಒಂದನ್ನು ಹಾಗೇ ಇಟ್ಟು ಇನ್ನೊಂದರಲ್ಲಿ ಕೆಲಸ ಮಾಡಿ.

2. ಕೇಳುತ್ತಾ ತಪ್ಪು ತಿದ್ದಿ, ಏನನ್ನೂ ಅಳಿಸಬೇಡಿ

ಇದು ಬೇಜಾರಿನ ಹಂತ. ಬಿಟ್ಟರೆ ಮುಂದಿನದೆಲ್ಲ ಹಾಳು. ವಾಟ್ಸ್‌ಆ್ಯಪ್ ಆಡಿಯೊವನ್ನು ವೇಗವಾಗಿ ಓಡಿಸುತ್ತದೆ, ನಿಮಗೆ ಬೇಕಾದ್ದು ನಿಧಾನ. ವಿಎಲ್‌ಸಿಯಂಥ ಪ್ಲೇಯರ್‌ನಲ್ಲಿ ವೇಗವನ್ನು `0.75x` ಗೆ ಇಳಿಸಿ, ಬರಹದ ಮೇಲೆ ಬೆರಳಿಟ್ಟು ಕೇಳಿ.

ಮೊದಲು ಸಿಗುವುದು ಊರಿನ ಮಾತುಗಳ ತಪ್ಪು. ಮೈಲುತುತ್ತ ಇಲ್ಲಿ "ಮೈಲು ತುತ್ತು" ಆಗಿದೆ. ಬೋರ್ಡೋ "ಬೋರ್ಡು" ಆಗಿದೆ. ಇವು ಎದ್ದು ಕಾಣುವುದರಿಂದ ಅಪಾಯ ಕಡಿಮೆ.

ಅಪಾಯ ಇರುವುದು ಸರಿ ಇದ್ದಂತೆ ಕಾಣುವ ತಪ್ಪುಗಳಲ್ಲಿ. ಕನ್ನಡದಲ್ಲಿ ಬೇಕು, ಬೇಡ, ಬಹುದು, ಬಾರದು ಎಲ್ಲವೂ ವಾಕ್ಯದ ಬಾಲದಲ್ಲಿ ಬರುತ್ತವೆ. ಮಾತಿನಲ್ಲಿ ಆ ಬಾಲವನ್ನೇ ನಾವು ನುಂಗುತ್ತೇವೆ. "ಹಾಕ್ಬಾರ್ದು" ಅಂದದ್ದು ಫೋನಿಗೆ "ಹಾಕ್ಬೋದು" ಅಂತ ಕೇಳಿಸುತ್ತದೆ. ನಮ್ಮ ಮಾದರಿಯಲ್ಲಿ ಕಬ್ಬಿಣದ ಡ್ರಮ್ಮಿಗೆ ಆಗಿರುವುದು ಇದೇ. ಬರಹ ಮಾತ್ರ ನೋಡಿದರೆ ಅನುಮಾನ ಬರುವುದಿಲ್ಲ. ಆದರೆ ಮುಂದೆಯೇ "ಪ್ಲಾಸ್ಟಿಕ್ಕೇ" ಅಂತ ಇದೆ ನೋಡಿ, ಕೊನೆಯ "ಏ" ಒತ್ತಿ ಹೇಳಿದ್ದಾರೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಅಂದಾಗ ಆಡಿಯೊಗೆ ಹಿಂತಿರುಗಬೇಕು. ಕೇಳಿದರೆ "ಹಾಕ್ಬಾರ್ದು" ಅಂತಲೇ ಇದೆ.

ಹಾಗಾಗಿ ನನ್ನ ಸಲಹೆ ಇಷ್ಟು. ಉಳಿದ ಮಾತನ್ನು ಒಂದು ಸಲ ಕೇಳಿದರೂ ಪರವಾಗಿಲ್ಲ. ಪ್ರತಿ ಅಂಕಿ, ಪ್ರತಿ "ಬಹುದು/ಬಾರದು", "ಇದೆ/ಇಲ್ಲ" ಮಾತ್ರ ಎರಡು ಸಲ ಕೇಳಿ.

ಫೋನ್ ಬಿಟ್ಟುಬಿಟ್ಟ ಮಾತುಗಳೂ ಇರುತ್ತವೆ. "ನೂರು ಲೀಟರ್ ಐವತ್ತು ಲೀಟರ್" ಅಂತ ಇರುವ ಕಡೆ ಆಡಿಯೊದಲ್ಲಿ "ನೂರು ಲೀಟರ್, ಅಲ್ಲಲ್ಲ, ಐವತ್ತು ಲೀಟರ್" ಅಂತ ಇದೆ. ಮೆಲ್ಲಗೆ, ಗಡಿಬಿಡಿಯಲ್ಲಿ ಹೇಳಿದ "ಅಲ್ಲಲ್ಲ" ಹೀಗೆ ಮಾಯ ಆಗುವುದು ತುಂಬಾ ಸಾಮಾನ್ಯ. ಅದನ್ನು ಪುನಃ ಸೇರಿಸಿ. ಚುಕ್ಕಿ, ಅಲ್ಪವಿರಾಮವನ್ನೂ ಇದೇ ಹಂತದಲ್ಲಿ ಹಾಕಿ. ಉಸಿರು ಎಲ್ಲಿ ನಿಂತಿತು ಅನ್ನುವುದು ಕಿವಿಗೆ ಮಾತ್ರ ಗೊತ್ತಾಗುತ್ತದೆ.

3. ಸಂದು ತುಂಬುವ ಮಾತಿಗೆ ಅಡ್ಡಗೆರೆ ಎಳೆಯಿರಿ

ಯೋಚನೆ ಮಾಡುವಾಗ ಬಾಯಿ ಸುಮ್ಮನಿರಬಾರದು ಅಂತ ಬರುವ ಮಾತುಗಳು ಇವು. ಇಂಗ್ಲಿಷಿನವರು ಫಿಲ್ಲರ್ ಅನ್ನುತ್ತಾರೆ. ನಮ್ಮ ಮಾದರಿಯಲ್ಲಿ ಮೊದಲ "ಆ", "ಎಂತ ಅಂದ್ರೆ", "ಎಂತದು", "ಅಲ್ದಾ", "ಹಾಂ" ಇವೆಲ್ಲ ಅಂಥವೇ. ನಾಯಿ ಕಟ್ಟಲು ಹೇಳಿದ್ದು ಫಿಲ್ಲರ್ ಅಲ್ಲ, ಆದರೂ ಅದಕ್ಕೂ ಅಡ್ಡಗೆರೆಯೇ.

ಅಳಿಸದೆ ಅಡ್ಡಗೆರೆ ಯಾಕೆ? ಏನು ಬಿಟ್ಟಿದ್ದೀರಿ ಅಂತ ಕೊನೆಯವರೆಗೂ ಕಾಣುತ್ತಿರಬೇಕು. ಗೂಗಲ್ ಡಾಕ್ಸ್‌ನಲ್ಲಾಗಲಿ ಕಾಗದದಲ್ಲಾಗಲಿ ಇದು ಸುಲಭ.

ಹುಡುಕಿ-ಬದಲಿಸುವ ಸೌಲಭ್ಯವನ್ನು ಇಲ್ಲಿ ದಯವಿಟ್ಟು ಬಳಸಬೇಡಿ. "ಆ" ಅನ್ನುವುದನ್ನು ಒಟ್ಟಿಗೆ ತೆಗೆದರೆ "ಆ ನೀರು", "ಆ ದಿನ" ಇರುವ ಕಡೆಯೂ ಹೋಗುತ್ತದೆ, "ಆಮೇಲೆ" ಅನ್ನುವುದು "ಮೇಲೆ" ಆಗುತ್ತದೆ. "ಆಮೇಲೆ ಸುಣ್ಣದ ನೀರು" ಮತ್ತು "ಮೇಲೆ ಸುಣ್ಣದ ನೀರು" ಎರಡೂ ಓದಲು ಸರಿಯಾಗಿಯೇ ಇವೆ, ಹೇಳುವುದು ಬೇರೆ ಬೇರೆ.

ಫಿಲ್ಲರ್‌ನಂತೆ ಕಂಡು ಮೋಸ ಮಾಡುವ ಮಾತುಗಳಿವೆ. ಇವುಗಳಿಗೆ ಅಡ್ಡಗೆರೆ ಬೇಡ.

ಶಿರಸಿ, ಸಿದ್ದಾಪುರ ಕಡೆಯ ಹವ್ಯಕ ಮಾತಿನಲ್ಲಿ "ಹೇಳಿ" ಅನ್ನುವುದು ಎಷ್ಟೋ ಸಲ "ಎಂದು" ಅನ್ನುವ ಕೆಲಸ ಮಾಡುತ್ತದೆ. "ಕೆಂಪು ಹಿಡಿದ್ರೆ ಸುಣ್ಣ ಕಮ್ಮಿ ಹೇಳಿ" ಅಂದರೆ ಸುಣ್ಣ ಕಡಿಮೆ ಎಂದು ಅರ್ಥ. ಹೊರಗಿನವರು ತಿದ್ದಿದರೆ ಅದನ್ನು ಯಾರಿಗೋ ಹೇಳಲು ಕೊಟ್ಟ ಸೂಚನೆ ಅಂತ ತಿಳಿಯಬಹುದು.

"ಕೊನೆಗೆ ಸರಿ ತಾಗ್ಬೇಕು" ಇನ್ನೊಂದು. ಅಡಿಕೆ ತೋಟದಲ್ಲಿ ಕೊನೆ ಅಂದರೆ ಅಡಿಕೆ ಗೊನೆ. ಮದ್ದು ಗೊನೆಗೆ ಸರಿಯಾಗಿ ತಾಗಬೇಕು ಅನ್ನುತ್ತಿದ್ದಾರೆ. ಇದನ್ನು "ಅಂತಿಮವಾಗಿ" ಅಂತ ತಿಳಿದು ಅಡ್ಡಗೆರೆ ಎಳೆದರೆ ಎಲ್ಲಿಗೆ ಹೊಡೆಯಬೇಕು ಅನ್ನುವುದೇ ಸ್ಕ್ರಿಪ್ಟಿನಿಂದ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು "ಅಂತೆ". "ಮುಂಚೆನೇ ಹೊಡೀಬೇಕಂತೆ" ಅಂದಾಗ ಅವರು ತಮ್ಮ ಅನುಭವ ಹೇಳುತ್ತಿಲ್ಲ, ಕೇಳಿದ್ದನ್ನು ಹೇಳುತ್ತಿದ್ದಾರೆ. "ಹೊಡೆಯಬೇಕು" ಅಂತ ಚೊಕ್ಕ ಮಾಡಿದರೆ ಪಕ್ಕದ ತೋಟದವರ ಮಾತು ಇವರ ಹೆಸರಿಗೆ ಬರುತ್ತದೆ. "ಅನುಭವಿ ಬೆಳೆಗಾರರು ಹೇಳುತ್ತಾರೆ" ಅಂತ ಬರೆದರೆ ಇನ್ನೂ ತಪ್ಪು, ಒಂದು ಮನೆಯವರು ಹೇಳಿದ್ದು ಊರೇ ಹೇಳಿದಂತೆ ಆಗುತ್ತದೆ. "ಕಾಣ್ತದೆ", "ಅನ್ಸುತ್ತೆ", "ಸುಮಾರು" ಇವಕ್ಕೂ ಇದೇ ನಿಯಮ. ಇವು ಮಾತನಾಡುವವರಿಗೆ ಎಷ್ಟು ಖಾತ್ರಿ ಇದೆ ಅನ್ನುವುದರ ಅಳತೆ.

4. ಮರುಶುರುಗಳನ್ನು ಬಿಡಿಸಿ

ಒಂದೇ ಮಾತು ಎರಡು ಸಲ ಬಂದ ಕೂಡಲೇ ಒಂದನ್ನು ಹೊಡೆದು ಹಾಕುವವರು ಜಾಸ್ತಿ. ಮೊದಲು ಅದು ಯಾವ ಜಾತಿಯದು ಅಂತ ನೋಡಿ.

ಬರೀ ತೊದಲು ಇರುತ್ತದೆ. "ಚಾಕು ಚಾಕು", "ಸುಣ್ಣದ ಸುಣ್ಣದ ನೀರಿಗೆ". ಒಂದನ್ನು ಉಳಿಸಿ, ಒಂದನ್ನು ಬಿಡಿ.

ತಿದ್ದುಪಡಿ ಇರುತ್ತದೆ. "ನೂರು ಲೀಟರ್, ಅಲ್ಲಲ್ಲ, ಐವತ್ತು ಲೀಟರ್". ಇಲ್ಲಿ ನಂತರದ್ದೇ ನಿಜ. ಮೊದಲನೆಯದನ್ನು ಬಿಡಬೇಕು. ಆದರೆ "ಒಂದು ಕೆಜಿ ಸುಣ್ಣ, ಅಲ್ಲ, ಮೊದ್ಲು ತುತ್ತ" ಅನ್ನುವಲ್ಲಿ ಅವರು ಸುಣ್ಣದ ತೂಕವನ್ನು ತಿದ್ದುತ್ತಿಲ್ಲ. ಹೇಳುವ ಕ್ರಮವನ್ನು ತಿದ್ದುತ್ತಿದ್ದಾರೆ. ಸುಣ್ಣ ಒಂದು ಕೆಜಿ ಅನ್ನುವುದು ಮುಂದೆ ಪುನಃ ಬರುತ್ತದೆ. "ಅಲ್ಲ" ಕಂಡಾಗಲೆಲ್ಲ ಅದು ಯಾವುದನ್ನು ತಳ್ಳಿ ಹಾಕುತ್ತಿದೆ ಅಂತ ನೋಡಿ ಒಂದು ಬಾಣ ಎಳೆದಿಡಿ.

ಕೆಲವು ಪುನರುಕ್ತಿಗಳು ಬೇಕೆಂದೇ ಬಂದವು. "ಹೊಯ್ಯುದು ತಿರುಗಿಸ್ತಾ ತಿರುಗಿಸ್ತಾ" ಅಂದರೆ ಕೈ ನಿಲ್ಲಿಸಬಾರದು ಅಂತ. ಒಂದು "ತಿರುಗಿಸ್ತಾ" ತೆಗೆದರೆ ಆ ಒತ್ತು ಹೋಗುತ್ತದೆ. ಎರಡನ್ನೂ ಉಳಿಸಿ, ಇಲ್ಲವೇ "ಬಿಡದೆ ತಿರುಗಿಸುತ್ತಾ" ಅಂತ ಬರೆಯಿರಿ.

ಇನ್ನು "ನಲವತ್ತು ನಲವತ್ತೈದು ದಿನ". ಇದು "ನೂರು ಲೀಟರ್ ಐವತ್ತು ಲೀಟರ್" ಅನ್ನುವುದರ ಹಾಗೇ ಕಾಣುತ್ತದೆ ಅಲ್ವಾ? ಆದರೆ ತಿದ್ದುಪಡಿ ಅಲ್ಲ, ನಲವತ್ತರಿಂದ ನಲವತ್ತೈದು ದಿನದ ಒಳಗೆ ಅಂತ. ವ್ಯತ್ಯಾಸ ತಿಳಿಯುವುದು ದನಿಯಿಂದ. ತಿದ್ದುವಾಗ ನಡುವೆ ತಡೆ ಇರುತ್ತದೆ, ಎರಡನೆಯ ಅಂಕಿ ಜೋರಾಗಿ ಬರುತ್ತದೆ. ಅಂದಾಜು ಹೇಳುವಾಗ ಎರಡೂ ಒಂದೇ ಉಸಿರಿನಲ್ಲಿ, ಒಂದೇ ಏರಿನಲ್ಲಿ ಬರುತ್ತವೆ. ಅನುಮಾನ ಉಳಿದರೆ ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿ, ನೀವಾಗಿ ತೀರ್ಮಾನ ಮಾಡಬೇಡಿ.

5. ಕೆಲಸದ ಕ್ರಮಕ್ಕೆ ಜೋಡಿಸಿ, ತೂತು ಹುಡುಕಿ

ಮಾತು ನೆನಪಾದ ಕ್ರಮದಲ್ಲಿ ಬರುತ್ತದೆ. ಸ್ಕ್ರಿಪ್ಟ್ ಕೆಲಸ ಮಾಡುವ ಕ್ರಮದಲ್ಲಿ ಇರಬೇಕು. ಇವರು ತುತ್ತದ ನೀರು ಹೊಯ್ದು ಆದ ಮೇಲೆ ಡ್ರಮ್ ಎಂಥದ್ದು ಅಂತ ಹೇಳಿದ್ದಾರೆ. ಕೇಳುವವರು ಅಷ್ಟರಲ್ಲಿ ಕಬ್ಬಿಣದ ಡ್ರಮ್ಮಿಗೆ ಸುರಿದಾಗಿರುತ್ತದೆ. ಆ ಮಾತು ಮೊದಲಿಗೆ ಬರಬೇಕು. "ನೂರು ಒಟ್ಟು" ಅನ್ನುವುದೂ ನಡುವಿನಿಂದ ಮೇಲಕ್ಕೆ ಹೋಗಬೇಕು. ಇದು ಎಷ್ಟು ದ್ರಾವಣದ ಲೆಕ್ಕ ಅಂತ ಮೊದಲೇ ಗೊತ್ತಿದ್ದರೆ ಉಳಿದ ಅಂಕಿಗಳು ತಲೆಯಲ್ಲಿ ನಿಲ್ಲುತ್ತವೆ.

ಕ್ರಮಕ್ಕೆ ಇಟ್ಟ ಮೇಲೆ, ಕೆಲಸ ಮಾಡುವವರ ಜಾಗದಲ್ಲಿ ನಿಂತು ಸಾಲು ಸಾಲಾಗಿ ನಡೆಯಿರಿ. ಆಗ ತೂತುಗಳು ಕಾಣುತ್ತವೆ. ಗೋಜಲಾಗಿದ್ದಾಗ ಇವು ಕಾಣುವುದೇ ಇಲ್ಲ. ನಮ್ಮ ಮಾದರಿಯಲ್ಲಿ ನನಗೆ ಸಿಕ್ಕಿದ್ದು ಇವು:

ಸುಣ್ಣದ ಡ್ರಮ್ಮಿನಲ್ಲಿ ಆಗಲೇ ಐವತ್ತು ಲೀಟರ್ ಇದೆ. ಅದಕ್ಕೆ ಇನ್ನು ಐವತ್ತು ಹೊಯ್ಯಬೇಕು. ಹಾಗಾದರೆ ಆ ಡ್ರಮ್ ಎಷ್ಟು ದೊಡ್ಡದಿರಬೇಕು ಅಂತ ಅವರು ಹೇಳಿಲ್ಲ.

ಚಾಕುವನ್ನು ಎಷ್ಟು ಹೊತ್ತು ಅದ್ದಬೇಕು ಅಂತ ಹೇಳಿಲ್ಲ. ಸುಣ್ಣ ಹಾಕಿದ ಮೇಲೆ ಪುನಃ ನೋಡಬೇಕೋ ಬೇಡವೋ ಅನ್ನುವುದೂ ಇಲ್ಲ.

ಎರಡನೆಯ ಸಲ ಯಾವಾಗ ಅಂತ ಇದೆ, ಮೊದಲನೆಯದು ಯಾವಾಗ ಅಂತ ಇಲ್ಲವೇ ಇಲ್ಲ. ಅವರಿಗೆ ಅದು ಎಷ್ಟು ಸಹಜ ಅಂದರೆ ಹೇಳಬೇಕು ಅಂತಲೇ ಅನಿಸಿಲ್ಲ. ಚೆನ್ನಾಗಿ ಗೊತ್ತಿರುವವರ ಮಾತಿನಲ್ಲಿ ಇಂಥ ತೂತು ಯಾವಾಗಲೂ ಇರುತ್ತದೆ.

ನಿಮಗೂ ತೋಟ ಇದ್ದರೆ ಉತ್ತರ ಗೊತ್ತಿರುತ್ತದೆ, ತುಂಬಿಬಿಡೋಣ ಅನಿಸುತ್ತದೆ. ತುಂಬಬೇಡಿ. ಇದು ಅವರ ಹೆಸರಿನಲ್ಲಿ ಹೋಗುವ ಮಾತು. ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಒಂದೇ ಸಲ ಫೋನ್ ಮಾಡಿ. "ಭಟ್ರೇ, ಇನ್ನೇನಾದರೂ ಹೇಳೋದಿದೆಯಾ?" ಅಂತ ಕೇಳಿದರೆ ಇನ್ನೊಂದು ಗೋಜಲು ವಾಯ್ಸ್ ನೋಟ್ ಬರುತ್ತದೆ. "ಸುಣ್ಣದ ಡ್ರಮ್ ಎಷ್ಟು ಲೀಟರಿನದ್ದು ಬೇಕು?" ಅಂತ ಕೇಳಿದರೆ ಒಂದು ಅಂಕಿ ಬರುತ್ತದೆ.

ಅವರು ಹೀಗೆ ಉತ್ತರ ಕೊಟ್ಟರು ಅಂದುಕೊಳ್ಳಿ: ಡ್ರಮ್ ನೂರು ಲೀಟರಿಗಿಂತ ದೊಡ್ಡದು ಬೇಕು. ಚಾಕು ಒಂದೆರಡು ನಿಮಿಷ ಅದ್ದಬೇಕು, ಕೆಂಪು ಬರುವುದು ನಿಲ್ಲುವ ತನಕ ಸುಣ್ಣದ ನೀರು ಸೇರಿಸಿ ನೋಡುತ್ತಾ ಇರಬೇಕು. ಮೊದಲನೆಯ ಸಲ ಮಳೆ ಹಿಡಿಯುವ ಮುಂಚೆ.

6. ಓದುವ ಬಾಯಿಗೆ ತಕ್ಕ ಹಾಗೆ ಬರೆಯಿರಿ

ಯಾರು ಓದುತ್ತಾರೆ ಅನ್ನುವುದು ಇಲ್ಲಿ ತೀರ್ಮಾನ ಆಗಬೇಕು. ಮಾತನಾಡಿದವರೇ ಕ್ಯಾಮೆರಾ ಮುಂದೆ ಹೇಳುವುದಾದರೆ "ಹೊಯ್ಯುದು", "ಇಡುದಲ್ಲ" ಇವನ್ನೆಲ್ಲ ಹಾಗೇ ಬಿಡಿ. ಅವರ ಬಾಯಿಗೆ "ಸುರಿಯತಕ್ಕದ್ದು" ಕೊಟ್ಟರೆ ಓದುವಾಗ ಪುನಃ ತಡವರಿಸುತ್ತಾರೆ. ಬೇರೆಯವರು ಓದುವುದಾದರೆ ಎಲ್ಲರಿಗೂ ತಿಳಿಯುವ ಸರಳ ಕನ್ನಡ ಸಾಕು. ಆದರೆ ಮೈಲುತುತ್ತ, ಕೊಳೆ, ಕೊನೆ ಇಂಥ ತೋಟದ ಮಾತುಗಳನ್ನು ಬದಲಾಯಿಸಬೇಡಿ. "ಕಾಪರ್ ಸಲ್ಫೇಟ್" ಅಂತ ಬೇಕೇ ಬೇಕಾದರೆ ಒಂದು ಸಲ ಜೊತೆಗೆ ಹೇಳಿ.

ಒಂದು ವಾಕ್ಯದಲ್ಲಿ ಒಂದೇ ಕೆಲಸ ಇರಲಿ. ಅಂಕಿಗಳನ್ನು ಅಕ್ಷರದಲ್ಲಿ ಬರೆಯಿರಿ, ಓದುವವರು 50 ಅಂತ ಕಂಡಾಗ "ಫಿಫ್ಟಿ" ಅಂದುಬಿಡುತ್ತಾರೆ. ಉಸಿರು ತೆಗೆದುಕೊಳ್ಳುವ ಕಡೆ ಓರೆಗೆರೆ ಹಾಕಿ. ಬೇಡ ಅನ್ನುವ ಮಾತಿಗೆ ಅದರದೇ ಒಂದು ವಾಕ್ಯ ಕೊಡಿ, ಉದ್ದ ವಾಕ್ಯದ ಬಾಲದಲ್ಲಿ ಇಟ್ಟರೆ ಓದುವವರೂ ಅದನ್ನು ನುಂಗುತ್ತಾರೆ.

ಬೇರೆಯವರು ಓದಲು ತಯಾರಾದ ಸ್ಕ್ರಿಪ್ಟ್ ಹೀಗಿರುತ್ತದೆ:

"ನಮಸ್ಕಾರ. / ಅಡಿಕೆಗೆ ಕೊಳೆ ಬರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ಹೇಳುತ್ತೇನೆ. / ಇದು ಒಟ್ಟು ನೂರು ಲೀಟರಿನ ಲೆಕ್ಕ. / ಎರಡು ಡ್ರಮ್ ಬೇಕು. ಎರಡೂ ಪ್ಲಾಸ್ಟಿಕ್ಕಿನದೇ ಆಗಬೇಕು. / ಕಬ್ಬಿಣದ ಡ್ರಮ್ ಬೇಡ. / ಸುಣ್ಣಕ್ಕೆ ಇಡುವ ಡ್ರಮ್ ನೂರು ಲೀಟರಿಗಿಂತ ದೊಡ್ಡದಿರಲಿ. / ಒಂದು ಡ್ರಮ್ಮಿನಲ್ಲಿ ಐವತ್ತು ಲೀಟರ್ ನೀರು ಹಾಕಿ, ಒಂದು ಕೆಜಿ ಮೈಲುತುತ್ತ ಕರಗಿಸಿ. / ದೊಡ್ಡ ಡ್ರಮ್ಮಿನಲ್ಲಿ ಐವತ್ತು ಲೀಟರ್ ನೀರಿಗೆ ಒಂದು ಕೆಜಿ ಸುಣ್ಣ ಹಾಕಿ. / ಈಗ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಿರಿ. ಬಿಡದೆ ತಿರುಗಿಸುತ್ತಾ ಇರಿ. / ಒಂದು ಚಾಕುವನ್ನು ಒಂದೆರಡು ನಿಮಿಷ ಅದ್ದಿ ನೋಡಿ. / ಕೆಂಪು ಹಿಡಿದರೆ ಸುಣ್ಣ ಕಮ್ಮಿ ಎಂದು ಅರ್ಥ. / ಸ್ವಲ್ಪ ಸುಣ್ಣದ ನೀರು ಸೇರಿಸಿ, ಪುನಃ ನೋಡಿ. ಕೆಂಪು ನಿಲ್ಲುವ ತನಕ ಹೀಗೆ ಮಾಡಿ. / ದ್ರಾವಣವನ್ನು ಅವತ್ತೇ ಹೊಡೆಯಬೇಕು. ನಾಳೆಗೆ ಇಡಬೇಡಿ. / ಮದ್ದು ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಸರಿಯಾಗಿ ತಾಗಬೇಕು. / ಮೊದಲನೆಯ ಸಲ ಮಳೆ ಹಿಡಿಯುವ ಮುಂಚೆ. / ಎರಡನೆಯ ಸಲ, ನಲವತ್ತರಿಂದ ನಲವತ್ತೈದು ದಿನ ಬಿಟ್ಟು."

ಪಕ್ಕದ ತೋಟದವರ ಮಾತು ಇದರಲ್ಲಿ ಇಲ್ಲ, ಗಮನಿಸಿ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಮಳೆ ಜಾಸ್ತಿ ಅಂದರೆ ಎಷ್ಟು, ಮುಂಚೆ ಅಂದರೆ ಯಾವಾಗ ಅಂತ ಅದರಲ್ಲಿ ಇಲ್ಲ. ಉಳಿಸುವುದಾದರೆ "ಮಳೆ ಜಾಸ್ತಿ ಇದ್ದರೆ ಇನ್ನೂ ಬೇಗ ಹೊಡೆಯಬೇಕು ಎಂದು ಪಕ್ಕದ ತೋಟದವರು ಹೇಳಿದ್ದಾರೆ" ಅಂತಲೇ ಇರಬೇಕು.

7. ಹೇಳಿದವರಿಗೆ ಓದಿ ಹೇಳಿ

ಸ್ಕ್ರಿಪ್ಟನ್ನು ಕಳಿಸಿ "ನೋಡಿ" ಅಂದರೆ ಎಷ್ಟೋ ಜನ ಓದದೆ ಹೆಬ್ಬೆರಳು ಎತ್ತಿದ ಚಿತ್ರ ಕಳಿಸುತ್ತಾರೆ. ಫೋನ್ ಮಾಡಿ ಗಟ್ಟಿಯಾಗಿ ಓದಿ. ಎಲ್ಲಿ ಅವರು "ಹೂಂ" ಅನ್ನುವುದು ನಿಲ್ಲಿಸುತ್ತಾರೋ ಅಲ್ಲಿ ನಿಲ್ಲಿ, ಅಲ್ಲಿ ಏನೋ ಸರಿ ಇಲ್ಲ. ಅಂಕಿಗಳನ್ನು ಮಾತ್ರ ಕೊನೆಯಲ್ಲಿ ಇನ್ನೊಮ್ಮೆ ಒಟ್ಟಿಗೆ ಓದಿ. ಹೆಸರು ಹಾಕಬಹುದಾ ಅಂತ ಕೇಳುವುದೂ ಇದೇ ಫೋನಿನಲ್ಲಿ ಆಗಲಿ. ಮದ್ದಿನ ಅಳತೆ ಇರುವ ಸ್ಕ್ರಿಪ್ಟ್ ಆದರೆ ಹೊರಗೆ ಬಿಡುವ ಮುಂಚೆ ತೋಟಗಾರಿಕೆ ಇಲಾಖೆಯವರಿಗೋ ಕೃಷಿ ವಿಜ್ಞಾನ ಕೇಂದ್ರದವರಿಗೋ ಒಮ್ಮೆ ತೋರಿಸಿ. ವಾಯ್ಸ್ ನೋಟ್‌ನಲ್ಲಿ ಅವರು ಹೇಳಿದ್ದನ್ನು ನೀವು ಸರಿಯಾಗಿ ಇಳಿಸಿದ್ದೀರಿ, ಅವರು ಹೇಳಿದ್ದೇ ಸರಿಯಾ ಅನ್ನುವುದು ಬೇರೆ ಪ್ರಶ್ನೆ.

ಸಮಯದ ಲೆಕ್ಕಕ್ಕೆ ಇಂಗ್ಲಿಷಿನ ನಿಮಿಷಕ್ಕೆ 150 ಪದ ಅನ್ನುವ ಅಳತೆ ಹಿಡಿಯಬೇಡಿ. ನಮ್ಮ ಪದಗಳು ಉದ್ದ, ಅಷ್ಟು ಹಿಡಿಸುವುದಿಲ್ಲ. ಓದುವವರೇ ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಒಮ್ಮೆ ಪೂರ್ತಿ ಓದಲಿ. ಉದ್ದ ಆದರೆ ನಮಸ್ಕಾರ, ಪೀಠಿಕೆ ಇಂಥ ಕಡೆ ಕತ್ತರಿಸಿ. ಅಂಕಿ ಮತ್ತು "ಬೇಡ" ಇರುವ ಸಾಲುಗಳಿಗೆ ಕೈ ಹಾಕಬೇಡಿ.

ಆಡಿಯೊ, ಕಚ್ಚಾ ಬರಹ, ಸ್ಕ್ರಿಪ್ಟ್ ಮೂರಕ್ಕೂ ಒಂದೇ ಹೆಸರು ಮತ್ತು ತಾರೀಖು ಕೊಟ್ಟು ಒಂದೇ ಕಡೆ ಇಡಿ. ವಿಡಿಯೊ ನೋಡಿದ ಯಾರಾದರೂ ಐವತ್ತು ಲೀಟರೋ ನೂರೋ ಅಂತ ಕೇಳಿದರೆ ಆಡಿಯೊದ ಆ ಜಾಗಕ್ಕೇ ಹೋಗಿ ಕೇಳಿಸಲು ಬರುತ್ತದೆ.